ನಗುವಿಗೆ ಗ್ರೇಡ್ ಹಾಕುವವರು

ಹುಣಸೂರಿನಲ್ಲಿ ಗೊಬ್ಬರದಂಗಡಿಯೊಂದರ ಮೇಲಿನ ಮಹಡಿಯ ಕೋಣೆಯಲ್ಲಿ ಹದಿನಾರು ಹುಡುಗಿಯರು, ಐದು ಹುಡುಗರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಪುಟ್ಟ ಕನ್ನಡಿ ಇತ್ತು. ಹಲ್ಲು ಎಷ್ಟು ಕಾಣಬೇಕು, ತುಟಿಯ ತುದಿ ಎಲ್ಲಿಯವರೆಗೆ ಏರಬೇಕು ಎಂದು ಅವರು ಅಭ್ಯಾಸ ಮಾಡುತ್ತಿದ್ದರು. ಮೈಸೂರಿನಿಂದ ವಾರಕ್ಕೊಮ್ಮೆ ಬರುವ ತರಬೇತುದಾರರು ಸಾಲಿನುದ್ದಕ್ಕೂ ನಡೆಯುತ್ತಾ ಒಬ್ಬೊಬ್ಬರ ಮುಖಕ್ಕೂ ಹತ್ತರಲ್ಲಿ ಅಂಕ ಕೊಡುತ್ತಿದ್ದರು. ನನ್ನ ಚಿಕ್ಕಮ್ಮನ ಮಗಳಿಗೆ ಆರು ಅಂಕ ಸಿಕ್ಕಿತು. ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅವಳ ಊರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಚಿಕ್ಕಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಹದ ಮಾಡಿ, ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ಹಾಕುವ ಮನೆಯಲ್ಲಿ ಹುಟ್ಟಿದವಳಿಗೆ ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಹೊಸದೇನಲ್ಲ. ಹರಾಜು ಕಟ್ಟೆಯಲ್ಲಿ ಸೊಪ್ಪಿನ ಬಣ್ಣ ನೋಡಿ ಬ್ರೈಟ್, ಮೀಡಿಯಂ, ಲೋ ಎಂದು ಗ್ರೇಡ್ ಮಾಡುತ್ತಾರೆ. ಕೊಳ್ಳುವವನು ಕೂಗದಿದ್ದರೆ ಬೇಲು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ದಾರಿಯಲ್ಲಿ ಅವಳೇ ಅಂದಳು: 'ಅಕ್ಕ, ನಾನು ಮೀಡಿಯಂ.'

ವಿಮಾನದ ಗಗನಸಖಿಯರ ಮತ್ತು ನಿಲ್ದಾಣದ ಕೌಂಟರ್ ಸಿಬ್ಬಂದಿಯ ಸಂದರ್ಶನಕ್ಕೆ ಮಕ್ಕಳನ್ನು ತಯಾರು ಮಾಡುತ್ತೇವೆಂದು ಹೇಳುವ ಇಂಥ ತರಗತಿಗಳು ನಮ್ಮ ಕಡೆ ಅಲ್ಲಲ್ಲಿ ನಡೆಯುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದ ಪಿಯುಸಿ ಮುಗಿಸಿದ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಇಲ್ಲಿ ಕಲಿಸುತ್ತಿರುವುದು ಆ ಕೆಲಸವನ್ನಲ್ಲ, ಆ ಕೆಲಸಕ್ಕೆ ತೀರ ವಿರುದ್ಧವಾದದ್ದನ್ನು ಎಂಬುದು ನನ್ನ ತಕರಾರು. ಇನ್ನೊಂದು ತಕರಾರು ನನ್ನ ಮೇಲೆ, ನನ್ನಂಥವರ ಮೇಲೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಅವಳು ಈ ತರಗತಿಗೆ ಸೇರುವ ಮೊದಲು ನನ್ನ ಸಲಹೆ ಕೇಳಿದ್ದಳು. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಕೂತು ಹೆಣ್ಣಿನ ದುಡಿಮೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದ ನಾನು ಅವಳಿಗೆ ಆರ್ಲೀ ಹಾಕ್‌ಶೀಲ್ಡ್‌ನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಈ ಅಮೆರಿಕನ್ ಸಮಾಜಶಾಸ್ತ್ರಜ್ಞೆ 1983ರಲ್ಲಿ 'ದಿ ಮ್ಯಾನೇಜ್ಡ್ ಹಾರ್ಟ್' ಎಂಬ ಪುಸ್ತಕ ಬರೆದಳು. ಡೆಲ್ಟಾ ಏರ್‌ಲೈನ್ಸ್‌ನ ತರಬೇತಿ ಕೇಂದ್ರದಲ್ಲಿ ಗಗನಸಖಿಯರಿಗೆ ವಿಮಾನವನ್ನು ತಮ್ಮ ಮನೆಯ ಹಜಾರವೆಂದೂ ಪ್ರಯಾಣಿಕರನ್ನು ಅಲ್ಲಿಗೆ ಬಂದ ನೆಂಟರೆಂದೂ ಭಾವಿಸಲು ಹೇಳಿಕೊಡುತ್ತಿದ್ದುದನ್ನು ಅವಳು ಕಂಡಳು. ಕೂಗಾಡುವವನಿಗೆ ಏನೋ ದೊಡ್ಡ ನೋವಾಗಿರಬೇಕು ಎಂದುಕೊಂಡು ತಮ್ಮ ಸಿಟ್ಟನ್ನು ಒಳಗೇ ಕರಗಿಸಬೇಕಿತ್ತು. ಮುಖದ ನಗು ಮಾತ್ರವಲ್ಲ, ಅದರ ಹಿಂದಿನ ಭಾವನೆಯೂ ಕಂಪನಿಯ ಸ್ವತ್ತಾಗುತ್ತದೆ ಎಂಬುದು ಅವಳ ವಾದ. ಒಳ್ಳೆಯ ಪುಸ್ತಕ, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ನಾನು ಅದನ್ನು ಹೇಳಿದ್ದು ಬೆಳಗಿನ ಜಾವ ಎದ್ದು ಬ್ಯಾರನ್ನಿಗೆ ಸೌದೆ ಹಾಕುವ ಹುಡುಗಿಗೆ. ಅವಳು ಪೂರ್ತಿ ಕೇಳಿಸಿಕೊಂಡು, 'ಹಂಗಾದ್ರೆ ನಗದೆ ಸಂಬಳ ಕೊಡೋ ಕೆಲಸ ಯಾವುದಕ್ಕ?' ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಫೆಲೋಶಿಪ್ಪಿನ ಕಡತ ಮುಂದೆ ಹೋಗಲೆಂದು ಕಚೇರಿಯ ಗುಮಾಸ್ತರ ಮುಂದೆ ನಾನು ನಗುವ ನಗೆಗೂ ಯಾರಾದರೂ ಹೆಸರಿಡಬೇಕು.

ನಮ್ಮಂಥವರು ಈ ಕೆಲಸವನ್ನು ಆಕಾಶದಲ್ಲಿ ಹಾರುವ ಪರಿಚಾರಿಕೆ ಎಂದುಕೊಳ್ಳುತ್ತೇವೆ. ತರಬೇತಿ ಕೊಡುವವರೂ ಅದನ್ನೇ ಅಂದುಕೊಂಡಿದ್ದಾರೆ. ನಾವು ಅದಕ್ಕೆ ಮೂಗು ಮುರಿಯುತ್ತೇವೆ, ಅವರು ಅದಕ್ಕೆ ಶುಲ್ಕ ವಸೂಲು ಮಾಡುತ್ತಾರೆ. ನಮಗಿಬ್ಬರಿಗೂ ಇರುವ ವ್ಯತ್ಯಾಸ ಇಷ್ಟೇ.

ಶುಲ್ಕದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಚಿಕ್ಕಪ್ಪ ಆ ವರ್ಷದ ಸೊಪ್ಪಿನ ದುಡ್ಡಿನಲ್ಲಿ ಎಂಬತ್ತು ಸಾವಿರ ಕಟ್ಟಿದರು. ಬದಲಿಗೆ ಸಿಗುವುದು ಒಂದು ಡಿಪ್ಲೊಮಾ. ಗಗನಸಖಿಯ ಕೆಲಸಕ್ಕೆ ವಿಮಾನ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಪಿಯುಸಿ ಪಾಸು, ವಯಸ್ಸು, ಎತ್ತರ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತು, ಪಾಸ್‌ಪೋರ್ಟ್. ಆಯ್ಕೆಯಾದ ಮೇಲೆ ಬೆಂಕಿ ಆರಿಸುವುದು, ನೀರಿಗಿಳಿದ ವಿಮಾನದಿಂದ ಜನರನ್ನು ಹೊರಗೆ ಕಳಿಸುವುದು, ಪ್ರಥಮ ಚಿಕಿತ್ಸೆ ಇವನ್ನೆಲ್ಲ ಕಂಪನಿಯೇ, ನಾಗರಿಕ ವಿಮಾನಯಾನ ನಿರ್ದೇಶನಾಲಯ ಒಪ್ಪಿದ ಪಠ್ಯದ ಪ್ರಕಾರ ಕಲಿಸುತ್ತದೆ. ಗೊಬ್ಬರದಂಗಡಿಯ ಮೇಲಿನ ಕೋಣೆಯ ಡಿಪ್ಲೊಮಾ ಆ ಕಲಿಕೆಯ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ಇದನ್ನು ಯಾರೂ ಚಿಕ್ಕಪ್ಪನಿಗೆ ಹೇಳಲಿಲ್ಲ. ಹೇಳಬೇಕಾಗಿದ್ದ ನಾನು ಹಾಕ್‌ಶೀಲ್ಡ್ ಹೇಳುತ್ತಿದ್ದೆ.

ಇನ್ನು ಗ್ರೂಮಿಂಗ್. ಸಂದರ್ಶನದ ಮೊದಲ ಸುತ್ತಿನಲ್ಲಿ ಎತ್ತರ ಅಳೆಯುತ್ತಾರೆ. ಕೈ, ಕುತ್ತಿಗೆ, ಮುಖದ ಮೇಲೆ ಹಚ್ಚೆಯೋ ಗಾಯದ ಗುರುತೋ ಇದೆಯೇ ಎಂದು ನೋಡುತ್ತಾರೆ. ಉಗುರು, ಕೂದಲು, ಹಲ್ಲು ನೋಡುತ್ತಾರೆ. ಇವೆಲ್ಲ ಒಂದೇ ಸಾಲಿನಲ್ಲಿ, ಒಂದೇ ಮೇಜಿನ ಮುಂದೆ ನಡೆಯುವುದರಿಂದ ಎಲ್ಲವೂ ಒಂದೇ ಜಾತಿಯ ನಿಯಮಗಳಂತೆ ಕಾಣುತ್ತವೆ. ಹಾಗಲ್ಲ. ಎಮಿರೇಟ್ಸ್ ಕಂಪನಿ ತುದಿಗಾಲಲ್ಲಿ ನಿಂತಾಗ ಕೈ 212 ಸೆಂಟಿಮೀಟರ್ ಎತ್ತರ ಮುಟ್ಟಬೇಕು ಎನ್ನುತ್ತದೆ. ನಮ್ಮ ದೇಶದ ಕಂಪನಿಗಳಲ್ಲಿ ಹೆಣ್ಣುಮಕ್ಕಳಿಗೆ 155 ಸೆಂಟಿಮೀಟರ್ ಎತ್ತರ ಕೇಳುವುದು ಸಾಮಾನ್ಯ. ಇದರಲ್ಲಿ ಅಂದದ ಮಾತಿಲ್ಲ. ತಲೆಯ ಮೇಲಿನ ಗೂಡುಗಳಲ್ಲಿ ಸಾಮಾನಿನ ಜೊತೆ ತುರ್ತು ಸಲಕರಣೆಗಳೂ ಇರುತ್ತವೆ. ಹೊಗೆ ತುಂಬಿದಾಗ ಏಣಿ ಹುಡುಕಲು ಸಮಯ ಇರುವುದಿಲ್ಲ. ಕೂದಲನ್ನು ಗಂಟು ಕಟ್ಟಿಡುವುದಕ್ಕೂ ನೇತಾಡುವ ಓಲೆ ಬೇಡ ಎನ್ನುವುದಕ್ಕೂ ಇಂಥದೇ ಕಾರಣ ಕೊಡಬಹುದು.

ಆದರೆ ಗಾಯದ ಗುರುತು? ನನ್ನ ತಂಗಿಯ ಬಲಗೈ ಮಣಿಕಟ್ಟಿನ ಮೇಲೆ ಎರಡು ಇಂಚಿನ ಸುಟ್ಟ ಗುರುತಿದೆ. ಹದಿಮೂರನೇ ವಯಸ್ಸಿನಲ್ಲಿ ಬ್ಯಾರನ್ನಿನ ಕೊಳವೆ ತಗುಲಿ ಆದದ್ದು. ಬೆಂಗಳೂರಿನಲ್ಲಿ ನಡೆದ ಗಗನಸಖಿ ಸಂದರ್ಶನವೊಂದರಲ್ಲಿ ಅವಳನ್ನು ಮೊದಲ ಸುತ್ತಿನಲ್ಲೇ, ಹೆಸರು ಕೇಳುವ ಮೊದಲೇ, ಹೊರಗೆ ಕಳಿಸಿದರು. ಎಚ್.ಡಿ. ಕೋಟೆ ಕಡೆಯ ಅವಳ ಗೆಳತಿಯ ಮುಂಗೈಯಲ್ಲಿ ಜಾತ್ರೆಯಲ್ಲಿ ಹಾಕಿಸಿಕೊಂಡ ಅವ್ವನ ಹೆಸರಿನ ಹಚ್ಚೆ ಇತ್ತು. ಅವಳೂ ಅದೇ ಬಾಗಿಲಿನಿಂದ ಹೊರಬಂದಳು. ಸುಟ್ಟ ಗುರುತಿನ ಕೈ ಬೆಂಕಿ ಆರಿಸುವ ಸಿಲಿಂಡರನ್ನು ಹಿಡಿಯಲಾರದೇ? ಬೆಂಕಿ ಎಂದರೇನು ಎಂದು ಆ ಸಾಲಿನಲ್ಲಿ ನಿಂತವರ ಪೈಕಿ ಚೆನ್ನಾಗಿ ಗೊತ್ತಿದ್ದವಳು ಪ್ರಾಯಶಃ ಅವಳೇ. ಬಡವರ ಮೈ ಮೇಲೆ ಕೆಲಸದ ಗುರುತು ಇದ್ದೇ ಇರುತ್ತದೆ. 'ಕಾಣುವ ಗುರುತು ಇರಬಾರದು' ಎಂಬ ನಿಯಮ ಯಾರನ್ನು ಸೋಸುತ್ತದೆ ಎಂದು ತಿಳಿಯಲು ಸಂಶೋಧನೆ ಬೇಕಿಲ್ಲ.

ಹೀಗೆ ಮಾರುಕಟ್ಟೆಯ ಕಣ್ಣನ್ನು ಸುರಕ್ಷತೆಯ ಹೆಸರಿನೊಳಗೆ ಸೇರಿಸಿಬಿಡುವುದಕ್ಕೆ ಇತಿಹಾಸವಿದೆ. ಏರ್ ಇಂಡಿಯಾದಲ್ಲಿ ಒಂದು ಕಾಲಕ್ಕೆ ಗಗನಸಖಿ ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಬಸುರಿಯಾದರೆ, ಮನೆಗೆ ಹೋಗಬೇಕಿತ್ತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಬಸಿರಿನ ನಿಯಮವನ್ನು ರದ್ದು ಮಾಡಿತು. ಮದುವೆಯ ನಿಯಮವನ್ನು ಮಾತ್ರ ಸರಿ ಎಂದಿತು. 2022ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದ ಅದೇ ಕಂಪನಿಯ ಹೊಸ ಸೂಚನೆಗಳಲ್ಲಿ ನರೆಗೂದಲಿಗೆ ಬಣ್ಣ ಹಚ್ಚಬೇಕು, ಕೂದಲು ಉದುರಿದ ಗಂಡಸರು ತಲೆ ಬೋಳಿಸಿಕೊಳ್ಳಬೇಕು ಎಂದಿತ್ತು. ನರೆಗೂದಲಿನಿಂದ ಯಾವ ವಿಮಾನ ಬೀಳುತ್ತದೆ? ತರಬೇತಿ ಕೊಡುವವರು ಪ್ರಾಮಾಣಿಕರಾಗಿದ್ದರೆ ಮಕ್ಕಳಿಗೆ ಹೇಳಬೇಕಾದದ್ದು ಇದು: ಈ ನಿಯಮ ಸುರಕ್ಷತೆಗೆ, ಇದು ಕಂಪನಿಯ ಅಭಿರುಚಿಗೆ; ಮೊದಲನೆಯದರಲ್ಲಿ ಸೋತರೆ ಕೆಲಸಕ್ಕೆ ನೀನು ಹೊಂದುವುದಿಲ್ಲ, ಎರಡನೆಯದರಲ್ಲಿ ಸೋತರೆ ಕಂಪನಿಗೆ ನೀನು ಹಿಡಿಸಲಿಲ್ಲ, ಅಷ್ಟೇ. ಹಾಗೆ ಹೇಳದ್ದರಿಂದ ನನ್ನ ತಂಗಿ ಮೂರು ವಾರ ಮಣಿಕಟ್ಟಿಗೆ ಯಾವುದೋ ಕ್ರೀಮು ತಿಕ್ಕಿಕೊಂಡು ಕೂತಳು.

ಆಮೇಲೆ ಅವಳು ಕೌಂಟರ್ ಕೆಲಸದ ಸಂದರ್ಶನಕ್ಕೆ ಹೋದಳು. ಬೋರ್ಡಿಂಗ್ ಪಾಸ್ ಕೊಡುವ, ಬ್ಯಾಗು ತೂಗುವ, ಗೇಟಿನಲ್ಲಿ ನಿಲ್ಲುವ ಕೆಲಸ. ಪಿರಿಯಾಪಟ್ಟಣದ ಹಳ್ಳಿಯಿಂದ ಬೆಳಗಿನ ಒಂಬತ್ತಕ್ಕೆ ದೇವನಹಳ್ಳಿ ಮುಟ್ಟಬೇಕಾದರೆ ಹಿಂದಿನ ಸಂಜೆಯೇ ಹೊರಟು, ಮೈಸೂರಿನಲ್ಲಿ ಕಾದು, ನಡುರಾತ್ರಿಯ ಬಸ್ಸು ಹಿಡಿಯಬೇಕು. ಹೀಗೆ ರಾತ್ರಿಯಿಡೀ ಎಚ್ಚರವಿದ್ದವರ ಮುಖದಲ್ಲಿ 'ಫ್ರೆಶ್‌ನೆಸ್' ಹುಡುಕುತ್ತಾರೆ. ಅದಿರಲಿ. ಅಲ್ಲಿ ಅವಳಿಗೆ ಕೇಳಿದ ಪ್ರಶ್ನೆ ನಿಜಕ್ಕೂ ಒಳ್ಳೆಯದಿತ್ತು. ಪ್ರಯಾಣಿಕನೊಬ್ಬ ವಿಮಾನ ಹೊರಡಲು 48 ನಿಮಿಷ ಇರುವಾಗ ಕೌಂಟರಿಗೆ ಓಡಿ ಬರುತ್ತಾನೆ. ಕೌಂಟರ್ ಮುಚ್ಚಿದೆ. ಅವನ ತಾಯಿ ಆಸ್ಪತ್ರೆಯಲ್ಲಿದ್ದಾರೆ. ಅವನು ಕೂಗಾಡುತ್ತಾನೆ. ನೀವು ಏನು ಮಾಡುತ್ತೀರಿ?

ತರಗತಿಯಲ್ಲಿ ಕಲಿಸಿದ್ದನ್ನು ಅವಳು ಒಪ್ಪಿಸಿದಳು. ನಗುಮುಖದಿಂದ ಕ್ಷಮೆ ಕೇಳುತ್ತೇನೆ, ಅವರ ನೋವು ನನಗೆ ಅರ್ಥವಾಗುತ್ತದೆ ಎನ್ನುತ್ತೇನೆ, ನೀರು ಕೊಡುತ್ತೇನೆ, ಹೇಗಾದರೂ ಸಹಾಯ ಮಾಡಲು ಪ್ರಯತ್ನಿಸುತ್ತೇನೆ. ಸಂದರ್ಶನ ಮಾಡುತ್ತಿದ್ದವರು 'ಹೇಗಾದರೂ ಅಂದರೆ ಹೇಗೆ?' ಎಂದು ಕೇಳಿದರು. ಅವಳಲ್ಲಿ ಮುಂದಿನ ಸಾಲು ಇರಲಿಲ್ಲ. ಇನ್ನೊಮ್ಮೆ ನಕ್ಕಳು. ತಾಯಿ ಆಸ್ಪತ್ರೆಯಲ್ಲಿದ್ದಾಳೆ ಎಂದವನ ಮುಂದೆ ನಗುವುದು ಎಂಥ ಉತ್ತರ ಎಂದು ಅವಳಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಹೊಳೆಯಿತಂತೆ.

ಆ ಪ್ರಶ್ನೆಗೆ ಉತ್ತರ ಮುಖದಲ್ಲಿಲ್ಲ, ಗಡಿಯಾರದಲ್ಲಿದೆ. ಕೌಂಟರಿನ ಕೆಲಸ ಗೊತ್ತಿರುವ ಯಾರನ್ನಾದರೂ ಕೇಳಿ, ಅವರು ಮೊದಲು ಕ್ಷಮೆ ಕೇಳುವುದಿಲ್ಲ, ಎರಡು ಪ್ರಶ್ನೆ ಕೇಳುತ್ತಾರೆ: ಫೋನಿನಲ್ಲಿ ವೆಬ್ ಚೆಕ್-ಇನ್ ಮಾಡಿದ್ದೀರಾ? ಇಲ್ಲಿ ಹಾಕಬೇಕಾದ ದೊಡ್ಡ ಬ್ಯಾಗು ಇದೆಯಾ? ದೇಶದೊಳಗಿನ ವಿಮಾನಗಳಿಗೆ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಗೇಟು ಮುಚ್ಚುವುದು ಸುಮಾರು 25 ನಿಮಿಷ ಮೊದಲು. ಚೆಕ್-ಇನ್ ಆಗಿದ್ದು ಕೈಚೀಲ ಮಾತ್ರ ಇದ್ದರೆ ಆ ಮನುಷ್ಯನಿಗೆ ಕೌಂಟರಿನ ಅಗತ್ಯವೇ ಇಲ್ಲ. ಅವನ ಕೈಯಲ್ಲಿ ಇನ್ನೂ ಇಪ್ಪತ್ತಮೂರು ನಿಮಿಷ ಇವೆ. ಅವನಿಗೆ ನೀರು ಕೊಟ್ಟು ಸಾಂತ್ವನ ಹೇಳುತ್ತಾ ಕೂತರೆ ಆ ನಿಮಿಷಗಳನ್ನು ತಿಂದವರು ನೀವೇ. ಭದ್ರತಾ ತಪಾಸಣೆಯ ದಾರಿ ತೋರಿಸಿ ಓಡಿಸಬೇಕು, ಗೇಟಿನವರಿಗೆ ಹೇಳಿ ಕಳಿಸಬೇಕು.

ಚೆಕ್-ಇನ್ ಆಗಿಲ್ಲ, ದೊಡ್ಡ ಬ್ಯಾಗೂ ಇದೆ ಎಂದರೆ ಮಾತು ಬೇರೆ. ಕೌಂಟರ್ ಮುಚ್ಚಿದ ಮೇಲೆ ಎಷ್ಟು ಜನ, ಎಷ್ಟು ಬ್ಯಾಗು ಎಂಬ ಲೆಕ್ಕ ಮುಂದಕ್ಕೆ ಹೋಗುತ್ತದೆ. ಆ ಲೆಕ್ಕದ ಮೇಲೆ ವಿಮಾನದ ತೂಕ ಮತ್ತು ಸಮತೋಲದ ಹಾಳೆ ತಯಾರಾಗುತ್ತದೆ. ಬ್ಯಾಗು ತಪಾಸಣೆಯಾಗಿ, ಗಾಡಿ ಹತ್ತಿ, ವಿಮಾನದ ಹೊಟ್ಟೆ ಸೇರಬೇಕು. ಬ್ಯಾಗು ಒಳಗೆ ಹೋಗಿ ಮನುಷ್ಯ ಗೇಟಿಗೆ ಬರದಿದ್ದರೆ ಆ ಬ್ಯಾಗನ್ನು ಹುಡುಕಿ ಹೊರಗೆ ತೆಗೆಯಬೇಕು. ಈ ಕೊನೆಯ ನಿಯಮದ ಹಿಂದೆ ಸಾವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದ ಬ್ಯಾಗನ್ನು ವ್ಯಾಂಕೂವರಿನಲ್ಲಿ ಒಪ್ಪಿಸಿದವನು ವಿಮಾನ ಹತ್ತಿರಲೇ ಇಲ್ಲ. ಅಲ್ಲಿನ ಕೌಂಟರಿನಲ್ಲಿದ್ದ ನೌಕರಳು, ಟಿಕೆಟ್ ಖಚಿತವಾಗಿಲ್ಲದಿದ್ದರೂ, ಹಟ ಹಿಡಿದು ವಾದಿಸಿದ ಅವನ ಬ್ಯಾಗನ್ನು ಮುಂದಿನ ವಿಮಾನಕ್ಕೆ ಸಲ್ಲುವಂತೆ ಕಳಿಸಿದ್ದಳು. ಹಿಂದೆ ಉದ್ದ ಸಾಲಿತ್ತು, ಎದುರಿನವನು ಬಿಡುತ್ತಿರಲಿಲ್ಲ. ಅವಳನ್ನು ದೂರುವ ಮನಸ್ಸು ನನಗಿಲ್ಲ. ಆದರೆ 'ಹೇಗಾದರೂ ಸಹಾಯ ಮಾಡುತ್ತೇನೆ' ಎಂಬ ಮಾತನ್ನು ಮಕ್ಕಳ ಬಾಯಿಗೆ ತುರುಕುವ ಮೊದಲು ಈ ಕತೆಯನ್ನು ಒಮ್ಮೆ ಹೇಳಬೇಡವೇ?

ಆದ್ದರಿಂದ ಅವನಿಗೆ ಕೌಂಟರ್ ಮುಚ್ಚಿದೆ, ತೆರೆಯುವ ಅಧಿಕಾರ ನನಗಿಲ್ಲ ಎಂದು ನೇರವಾಗಿ, ಒಂದೇ ಸಲ, ಕಣ್ಣು ತಪ್ಪಿಸದೆ ಹೇಳಬೇಕು. ಡ್ಯೂಟಿ ಮ್ಯಾನೇಜರನ್ನು ಕರೆಯಬೇಕು, ಯಾಕೆಂದರೆ ನಿರ್ಧಾರ ಅವರದು. ಅವರು ಬರುವಷ್ಟರಲ್ಲಿ ಮುಂದಿನ ವಿಮಾನ ಎಷ್ಟು ಹೊತ್ತಿಗೆ, ಸೀಟು ಇದೆಯೇ, ಎಷ್ಟು ದುಡ್ಡು ಎಂದು ನೋಡಿಟ್ಟಿರಬೇಕು. ಹತ್ತದೇ ಉಳಿದ ಟಿಕೆಟ್ಟಿನಲ್ಲೂ ನಿಲ್ದಾಣದ ಶುಲ್ಕ ವಾಪಸ್ಸು ಸಿಗುತ್ತದೆ ಎಂಬುದನ್ನು ಅವನು ಕೇಳದಿದ್ದರೂ ಹೇಳಬೇಕು. ತಾಯಿ ಆಸ್ಪತ್ರೆಯಲ್ಲಿರುವವನಿಗೆ ಬೇಕಾದದ್ದು ಇದು. ಅವನು ಕೌಂಟರಿನ ಈಚೆಗೆ ಕೈ ಹಾಕಿದರೆ, ಮೈ ಮುಟ್ಟಿದರೆ, ಅಲ್ಲಿಗೆ ಮಾತು ಮುಗಿಯಿತು, ಸಿಐಎಸ್ಎಫ್‌ನವರನ್ನು ಕರೆಯಬೇಕು.

ಇನ್ನೊಂದು ತಿರುವು ಇದೆ, ಜಾಣ ಸಂದರ್ಶಕರು ಅದನ್ನು ಕೇಳುತ್ತಾರೆ. ಅದೇ ಮನುಷ್ಯ, ಅದೇ ಕೂಗಾಟ. ಆದರೆ ಅವನು ಎರಡು ಗಂಟೆ ಮೊದಲೇ ಬಂದಿದ್ದಾನೆ, ಕಂಪನಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರಿಂದ ಅವನಿಗೆ ಜಾಗ ಇಲ್ಲ. ಈಗ ಅವನು ತಪ್ಪಿತಸ್ಥನಲ್ಲ, ಕಂಪನಿ ತಪ್ಪಿತಸ್ಥ. ಮೊದಲು ಸ್ವಂತ ಇಷ್ಟದಿಂದ ಸೀಟು ಬಿಟ್ಟುಕೊಡುವವರು ಇದ್ದಾರೆಯೇ ಎಂದು ಕೇಳಬೇಕು. ಆಮೇಲೂ ಅವನನ್ನು ಇಳಿಸಬೇಕಾಗಿ ಬಂದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಲ್ಲಿ, ಪರಿಹಾರ ಕೊಡಬೇಕು. 24 ಗಂಟೆಯೊಳಗಿನ ವಿಮಾನವಾದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ. ಅದಕ್ಕಿಂತ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000. ಇದು ನಿರ್ದೇಶನಾಲಯದ ನಿಯಮ. ಕೂಗುವ ಇಬ್ಬರನ್ನೂ ಒಂದೇ ನಗುವಿನಿಂದ ಸಮಾಧಾನ ಮಾಡಲು ಕಲಿತವಳಿಗೆ ಇವರಿಬ್ಬರ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ. ಒಬ್ಬನಿಗೆ ಆಗದು ಎನ್ನಬೇಕು, ಇನ್ನೊಬ್ಬನಿಗೆ ನಿಮಗೆ ಬರಬೇಕಾದ್ದು ಇಷ್ಟು ಎನ್ನಬೇಕು. ಎರಡನೆಯದನ್ನು ಹೇಳಲು ತರಗತಿಗಳು ಕಲಿಸುವುದಿಲ್ಲ, ಕಂಪನಿಗೆ ಅದು ಇಷ್ಟವಾಗುವುದಿಲ್ಲ ಎಂಬ ಭಯ. ಒಳ್ಳೆಯ ಸಂದರ್ಶಕರಿಗೆ ನಿಯಮ ಗೊತ್ತಿರುವ ಹುಡುಗಿ ಬೇಕು ಎಂದೇ ನಾನು ನಂಬುತ್ತೇನೆ.

ಈಗ ತಾಳ್ಮೆಯ ಮಾತು. ತರಗತಿಯಲ್ಲಿ ತಾಳ್ಮೆ ಎಂದರೆ ನುಂಗಿಕೊಳ್ಳುವುದು. ತರಬೇತುದಾರರು ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ ಬಯ್ಯುತ್ತಿದ್ದರು, ಬಣ್ಣದ ಬಗ್ಗೆ, ಊರಿನ ಬಗ್ಗೆ, ಇಂಗ್ಲಿಷಿನ ಬಗ್ಗೆ. ಕಣ್ಣಲ್ಲಿ ನೀರು ಬರದೆ ನಿಂತವರಿಗೆ ಹೆಚ್ಚು ಅಂಕ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಪುಕ್ಕಟೆ ಕಲಿಸುತ್ತಾರೆ, ಅದಕ್ಕೆ ಎಂಬತ್ತು ಸಾವಿರ ಕೊಡಬೇಕಾಗಿರಲಿಲ್ಲ.

ನುಂಗಿಕೊಳ್ಳುವುದು ಆ ಕೆಲಸದಲ್ಲಿ ಗುಣವಲ್ಲ, ಕರ್ತವ್ಯಲೋಪವೂ ಆಗಬಹುದು. 2022ರ ನವೆಂಬರ್ 26ರ ನ್ಯೂಯಾರ್ಕ್-ದೆಹಲಿ ವಿಮಾನವನ್ನು ನೆನಪಿಸಿಕೊಳ್ಳಿ. ಸಹಪ್ರಯಾಣಿಕನೊಬ್ಬ ಕುಡಿದು ತನ್ನ ಮೇಲೆ ಮೂತ್ರ ಮಾಡಿದನೆಂದು ವಯಸ್ಸಾದ ಮಹಿಳೆಯೊಬ್ಬರು ದೂರಿದರು. ತಾನು ಬೇಡವೆಂದರೂ ಸಿಬ್ಬಂದಿ ಅವನನ್ನು ತನ್ನೆದುರು ಕೂರಿಸಿ ಕ್ಷಮೆ ಕೇಳಿಸಿದರು ಎಂಬುದೂ ಅವರ ದೂರಿನಲ್ಲಿತ್ತು. ಎಲ್ಲರನ್ನೂ ಸಮಾಧಾನ ಮಾಡಿ, ಗಲಾಟೆಯಿಲ್ಲದೆ ದೆಹಲಿ ಮುಟ್ಟಿಸುವುದೇ ತಾಳ್ಮೆ ಎಂದು ಕಲಿತವರು ಮಾಡುವ ಕೆಲಸವೇ ಇದು. 2023ರ ಜನವರಿಯಲ್ಲಿ ನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು, ಆ ವಿಮಾನದ ಮುಖ್ಯ ಪೈಲಟ್ಟಿನ ಪರವಾನಗಿಯನ್ನು ಮೂರು ತಿಂಗಳು ಅಮಾನತು ಮಾಡಿತು.

ಪಾಲಿಸಬೇಕಾಗಿದ್ದ ನಿಯಮ ಆಗಲೇ ಇತ್ತು, 2017ರಲ್ಲಿ ಬಂದದ್ದು. ಅದು ಪುಂಡಾಟವನ್ನು ಮೂರು ಹಂತ ಮಾಡುತ್ತದೆ. ಬಾಯಿಮಾತಿನ ಮತ್ತು ಸನ್ನೆಯ ಕಿರುಕುಳ, ಕುಡಿದು ಗಲಾಟೆ ಮಾಡುವುದು ಮೊದಲನೆಯದು. ಅದಕ್ಕೆ ಮೂರು ತಿಂಗಳವರೆಗೆ ವಿಮಾನ ಹತ್ತದಂತೆ ನಿಷೇಧ. ಮೈ ಮೇಲೆ ಕೈ ಮಾಡುವುದು, ಅಸಭ್ಯವಾಗಿ ಮುಟ್ಟುವುದು ಎರಡನೆಯದು, ಆರು ತಿಂಗಳವರೆಗೆ. ಜೀವಕ್ಕೆ ಅಪಾಯ ತರುವುದು ಮೂರನೆಯದು. ಕನಿಷ್ಠ ಎರಡು ವರ್ಷ. ದೂರನ್ನು ಕೇಳುವ ಸಮಿತಿಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಅಂದರೆ ಗಗನಸಖಿ 'ಸಾರ್, ನಿಮ್ಮ ಮಾತು ಹೀಗೇ ಮುಂದುವರಿದರೆ ಕ್ಯಾಪ್ಟನ್‌ಗೆ ವರದಿ ಮಾಡುತ್ತೇನೆ' ಎನ್ನುವಾಗ ಅವಳ ಬೆನ್ನ ಹಿಂದೆ ಒಂದು ಕಾನೂನು ನಿಂತಿರುತ್ತದೆ. ಅದು ನಿಂತಿದೆ ಎಂದು ಗೊತ್ತಿರುವವಳ ದನಿ ತಾನಾಗಿಯೇ ಏರುವುದಿಲ್ಲ. ಗೊತ್ತಿಲ್ಲದವಳು ಅಳುತ್ತಾಳೆ, ಇಲ್ಲವೇ ಕೂಗುತ್ತಾಳೆ. ಸಂದರ್ಶನದಲ್ಲಿ ತಾಳ್ಮೆ ಎಂದು ನೋಡಬೇಕಾದದ್ದು ಇದನ್ನು: ಹಂತ ಗುರುತಿಸುತ್ತಾಳೆಯೇ, ಎಚ್ಚರಿಕೆ ಕೊಡುತ್ತಾಳೆಯೇ, ಒಬ್ಬಳೇ ಹೊರದೆ ಮೇಲಿನವರಿಗೆ ತಿಳಿಸುತ್ತಾಳೆಯೇ, ನಡೆದದ್ದನ್ನು ಬರೆದಿಡುತ್ತಾಳೆಯೇ.

ಕೆಲವು ಸಲ ತಾಳ್ಮೆ ಎಂದರೆ ಕೂಗುವುದೇ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ 379 ಜನರೂ ಬದುಕಿದರು. ಒಳಗಿನ ಧ್ವನಿವರ್ಧಕ ಕೆಟ್ಟುಹೋಗಿತ್ತು. ಸಿಬ್ಬಂದಿ ಮೆಗಾಫೋನಿನಲ್ಲೂ ಬರಿ ಗಂಟಲಿನಲ್ಲೂ ಕೂಗಿ, ಬ್ಯಾಗು ಬಿಡಿಸಿ, ಎಂಟು ಬಾಗಿಲುಗಳಲ್ಲಿ ತೆರೆಯಲು ಸುರಕ್ಷಿತವಾಗಿದ್ದ ಮೂರನ್ನು ಮಾತ್ರ ತೆರೆದು ಜನರನ್ನು ಇಳಿಸಿದರು. ನಮ್ಮ ತರಗತಿಗಳಲ್ಲಿ ಹುಡುಗಿಯರಿಗೆ ದನಿ ಸಣ್ಣದು ಮಾಡಲು ಹೇಳುತ್ತಾರೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕರೆಯುವ ನನ್ನ ತಂಗಿಯ ಗಂಟಲನ್ನು 'ಲೌಡ್' ಎಂದು ಅಂಕ ಕಳೆದರು.

ಭಾಷೆಯದ್ದೂ ಇದೇ ಪಾಡು. ಕನ್ನಡದ ನೆರಳು ಬಿದ್ದ ಇಂಗ್ಲಿಷನ್ನು ತೊಳೆಯುವುದಕ್ಕೇ ತರಗತಿಯ ಅರ್ಧ ಹೊತ್ತು ಹೋಗುತ್ತದೆ. ಇಂಗ್ಲಿಷ್ ಬೇಕು, ಅದರಲ್ಲಿ ಜಗಳವಿಲ್ಲ. ಆದರೆ ಬೆಂಗಳೂರಿನ ನಿಲ್ದಾಣದ ಕೌಂಟರಿನ ಮುಂದೆ ಮೊದಲ ಸಲ ವಿಮಾನ ಹತ್ತಲು ಬಂದ ಮುದುಕಿಯೊಬ್ಬಳು, ಉಪ್ಪಿನಕಾಯಿ ಜಾಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ, ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿ ಇರಕೂಡದು ಎಂದು ಯಾವ ಭಾಷೆಯಲ್ಲಿ ತಿಳಿಯಬೇಕು? ಬ್ಯಾಗಿನಲ್ಲಿ ಏನಿದೆ ಎಂಬ ಪ್ರಶ್ನೆ ಅರ್ಥವಾಗದೆ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ, ಗಲಿಬಿಲಿ. ಅದನ್ನು ಗುರುತಿಸಿ ಕನ್ನಡದಲ್ಲಿ ಇನ್ನೊಮ್ಮೆ ಕೇಳುವುದು ಸಂದರ್ಭವನ್ನು ಅರಿಯುವ ಬುದ್ಧಿ. ಅದಕ್ಕೆ ಯಾವ ಸಂದರ್ಶನದಲ್ಲಿ ಅಂಕವಿದೆ? ಅಂಕ ಕೇಳಿ ಎಂದಾದರೂ ಯಾರು ಈ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ?

ಮುಂದಿನ ಸಂದರ್ಶನಕ್ಕೆ ಮೂರು ವಾರವಿದೆ. ತರಗತಿಗೆ ಹೋಗುವುದನ್ನು ಅವಳು ಬಿಟ್ಟಿದ್ದಾಳೆ, ಕಟ್ಟಿದ ದುಡ್ಡು ವಾಪಸ್ಸು ಬಂದಿಲ್ಲ. ನಾನು ಶನಿವಾರಗಳಲ್ಲಿ ಪಿರಿಯಾಪಟ್ಟಣದ ಬಸ್ಸು ಹತ್ತುತ್ತೇನೆ. ನಿರ್ದೇಶನಾಲಯದ ನಿಯಮಗಳನ್ನು ಮುದ್ರಿಸಿಕೊಂಡು ಹೋಗಿ ಇಬ್ಬರೂ ಓದುತ್ತೇವೆ. ಸಿಟ್ಟಿನ ಪ್ರಯಾಣಿಕನ ಪಾತ್ರ ಚಿಕ್ಕಪ್ಪನದು. ಹರಾಜು ಕಟ್ಟೆಯಲ್ಲಿ ಬೇಲು ಕೂಗಿಸಿಕೊಳ್ಳದೆ ವಾಪಸ್ಸು ತಂದ ಅನುಭವ ಇರುವುದರಿಂದ ಅವರಿಗೆ ನಟಿಸುವ ಕಷ್ಟವಿಲ್ಲ. ಕಳೆದ ಶನಿವಾರ ಜಗಲಿಯ ಮೇಲಿನ ಟೇಬಲ್ಲನ್ನು ಕುಟ್ಟುತ್ತಾ, 'ಇಮಾನ ಇನ್ನೂ ಅಲ್ಲೇ ನಿಂತದಲ್ಲವ್ವ, ಬಾಗ್ಲು ತಗಿಯಕ್ಕೆ ನಿಂಗೇನ್ ರೋಗ?' ಎಂದು ಕೂಗಿದರು. ಪಕ್ಕದ ಮನೆಯವರು ಜಗಳವೆಂದುಕೊಂಡು ಬಂದು ನೋಡಿದರು.

ಅವಳು ನಗಲಿಲ್ಲ. 'ಚೆಕ್-ಇನ್ ಆಗಿದೆಯಾ ಸಾರ್? ಬ್ಯಾಗು ಇಲ್ಲಿ ಹಾಕಬೇಕಾ?' ಅಂದಳು.

ಚಿಕ್ಕಪ್ಪ ಒಂದು ಕ್ಷಣ ತಡವರಿಸಿದರು. ಈ ಪ್ರಶ್ನೆಗೆ ಅವರ ಹತ್ತಿರ ಮಾತು ತಯಾರಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, 'ಬ್ಯಾಗ್ ಐತೆ ಅಂತ ಹೇಳ್ಲಾ, ಇಲ್ಲ ಅಂತ ಹೇಳ್ಲಾ?' ಎಂದು ಕೇಳಿದರು.